ಫಜ್ಲುಲ್ಲಾ, ಫದ್ಲುಲ್ಲಾ, ಫಜ್ಲೊಲ್ಲಾ: ಒಬ್ಬನೇ ಮನುಷ್ಯ, ಯಾವ ಕಾಗುಣಿತ ಇಡಲಿ?

ಕರಡುಮನೆ, ಚಾಮರಾಜಪೇಟೆ

ಬಹಮನಿ ಸುಲ್ತಾನರ ಕಾಲದ ಮೇಲೆ ಬರುತ್ತಿರುವ ಒಂದು ಕನ್ನಡ ಪುಸ್ತಕದ ಕರಡು ತಿದ್ದುತ್ತಿದ್ದೇನೆ. ಲೇಖಕರು ಇಂಗ್ಲಿಷ್, ಉರ್ದು, ಮರಾಠಿ ಎಲ್ಲ ಕಡೆಯಿಂದಲೂ ಟಿಪ್ಪಣಿ ಹಾಕಿಕೊಂಡು ಬರೆದವರು. ಅದರ ಫಲ ನೋಡಿ. ಶಿರಾಜಿನ ಕವಿ ಹಾಫಿಜನನ್ನು ದಖ್ಖನ್ನಿಗೆ ಕರೆಸಿಕೊಳ್ಳಲು ದಾರಿಖರ್ಚು ಕಳಿಸಿದ ಮೀರ್ ಫಜ್ಲುಲ್ಲಾ ಇಂಜೂ ಇದ್ದಾನಲ್ಲ, ಅವನು ಎರಡನೇ ಅಧ್ಯಾಯದಲ್ಲಿ ಫಜ್ಲುಲ್ಲಾ, ಐದನೆಯದರಲ್ಲಿ ಫದ್ಲುಲ್ಲಾ, ಅಡಿಟಿಪ್ಪಣಿಯಲ್ಲಿ ಫಜ್ಲೊಲ್ಲಾ. ಪದಸೂಚಿ ಮಾಡುವ ಹುಡುಗ ಮೂವರು ಬೇರೆ ಬೇರೆ ಜನ ಅಂದುಕೊಂಡು ಮೂರು ನಮೂದು ಹಾಕಿಬಿಟ್ಟಿದ್ದಾನೆ. ಕವಿಯದ್ದೂ ಅದೇ ಪಾಡು, ಒಂದು ಕಡೆ ಹಾಫಿಜ್, ಇನ್ನೊಂದು ಕಡೆ ಹಾಫೆಜ್.

ಲೇಖಕರಿಗೆ ಫೋನು ಮಾಡಿದರೆ, "ಇವೆಲ್ಲ ಮೂಲದಲ್ಲಿ ಅರಬ್ಬಿ ಪದಗಳು, ಅರಬ್ಬಿಯಂತೆಯೇ ಇಟ್ಟುಬಿಡಿ" ಅಂದರು. ಆದರೆ ಆ ಜನ ಆಡಿದ್ದು, ಬರೆದದ್ದು ಫಾರಸಿ. ಹಾಗಾದರೆ ಯಾವ ಓದನ್ನು ಹಿಡಿಯಬೇಕು? ತಿಳಿದವರು ಹೇಳಿ.

ಜಯನಗರ ರಾಘು

ಇದರಲ್ಲಿ ತಲೆ ಕೆಡಿಸಿಕೊಳ್ಳೋದೇನಿದೆ? ಅರಬ್ಬಿಯ ದ ಫಾರಸಿಯವರ ಬಾಯಲ್ಲಿ ಜ ಆಗತ್ತೆ. ರಮದಾನ್ ಹೋಗಿ ರಂಜಾನ್ ಆಯ್ತಲ್ಲ, ಹಾಗೆ. ನಿಮ್ಮದು ದಖ್ಖನ್ ಪುಸ್ತಕ, ಆದ್ದರಿಂದ ಎಲ್ಲ ಹೆಸರಲ್ಲೂ ದ ತೆಗೆದು ಜ ಹಾಕಿ. ಫೈಂಡ್ ಅಂಡ್ ರಿಪ್ಲೇಸ್ ಕೊಟ್ಟರೆ ಐದು ನಿಮಿಷದ ಕೆಲಸ.

ಅಚ್ಚಗನ್ನಡ

ಕನ್ನಡಿಗರ ಬಾಯಲ್ಲಿ ಫ ಇಲ್ಲ, ಖ ಇಲ್ಲ, ಘ ಇಲ್ಲ. ಹಳ್ಳಿಯಲ್ಲಿ ಯಾರು ಖಾಜಿ ಅನ್ನುತ್ತಾರೆ, ಕಾಜಿ ಅನ್ನುತ್ತಾರೆ. ಉಸಿರಕ್ಕರಗಳನ್ನು ಕಿತ್ತು ಹಾಕಿ 'ಪಜಲುಲ್ಲಾ' ಎಂದು ಬರೆಯಿರಿ, ಎಲ್ಲ ಗೊಂದಲ ಮುಗಿಯುತ್ತದೆ. ಈ ಮಾತನ್ನು ಎಷ್ಟು ಕಡೆ ಹೇಳುವುದೋ.

ಕರಡುಮನೆ, ಚಾಮರಾಜಪೇಟೆ

ಸ್ವಾಮಿ, ನನ್ನ ಪ್ರಶ್ನೆ ಮಹಾಪ್ರಾಣದ್ದಲ್ಲ. ಖ ತೆಗೆದರೂ ದ ಇಡಬೇಕೋ ಜ ಇಡಬೇಕೋ ಎನ್ನುವುದು ಹಾಗೇ ಉಳಿಯುತ್ತದೆ. ದಯವಿಟ್ಟು ಆ ಜಗಳಕ್ಕೆ ಬೇರೆ ಎಳೆ ತೆರೆಯಿರಿ.

ಫಾರಸಿ ಮೇಷ್ಟ್ರು, ಶಿವಾಜಿನಗರ

ರಾಘು ಅವರೇ, ಆ ಬಟನ್ ಒತ್ತಬೇಡಿ, ಪುಣ್ಯ ಬರುತ್ತದೆ. ಒತ್ತಿದರೆ ಮಹಮೂದ್ ಗವಾನ್ ಮಹಮೂಜ್ ಆಗುತ್ತಾನೆ, ದೌಲತಾಬಾದ್ ಜೌಲತಾಬಾಜ್ ಆಗುತ್ತದೆ.

ಅರಬ್ಬಿಯಲ್ಲಿ ನಮ್ಮ ಕಿವಿಗೆ ದ ಎಂದು ಕೇಳುವ ಅಕ್ಷರಗಳು ಎರಡಿವೆ. ಒಂದು ದಾಲ್. ಅದು ಸಾದಾ ದ, ಫಾರಸಿಗೆ ಬಂದರೂ ದ, ಕನ್ನಡಕ್ಕೆ ಬಂದರೂ ದ. ದುನಿಯಾ, ದಾಖಲೆ, ಮದತ್ತು ಎಲ್ಲ ಈ ಲೆಕ್ಕ. ಇನ್ನೊಂದು ಅಕ್ಷರವನ್ನು ಅರಬರು ದಾದ್ ಎನ್ನುತ್ತಾರೆ, ನಾಲಿಗೆಯನ್ನು ಒತ್ತಿ, ಬಾಯಿ ತುಂಬ ಹೇಳುವ ಭಾರದ ದ. ಇದೊಂದೇ ಫಾರಸಿಯಲ್ಲಿ ಜ ಆಗುವುದು. ಜ ಅಂದರೆ ಜನದ ಜ ಅಲ್ಲ, ಹಲ್ಲಿನ ಸಂದಿಯಿಂದ ಬರುವ, ನಮ್ಮ ಲಿಪಿಯಲ್ಲಿ ಇಲ್ಲದ ಆ ಜ. ನಾನು ಶಾಲೆಯಲ್ಲಿ ಉರ್ದು ಕಲಿತಾಗ ಆ ಅಕ್ಷರದ ಹೆಸರೇ ಜ್ವಾದ್. ನಮಗೆ ಮೊದಲ ಪಾಠದಲ್ಲೇ ಫಾರಸಿ ಬಾಯಿ ಕೊಟ್ಟುಬಿಟ್ಟಿದ್ದರು.

ಈಗ ಕನ್ನಡದ ಪದ್ಧತಿ ಕೇಳಿದಿರಿ. ಪದ್ಧತಿ ಇದೆ, ನಾವು ದಿನಾ ಆಡುತ್ತಿದ್ದೇವೆ, ಗಮನಿಸಿಲ್ಲ ಅಷ್ಟೆ. ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿದವನು ಅರ್ಜಿ ಹಾಕುತ್ತಾನೆ, ಜಾಮೀನು ಕೇಳುತ್ತಾನೆ, ಕರೆದ ದಿನ ಹಾಜರಾಗುತ್ತಾನೆ, ಸಾಕಾಗಿ ಕೊನೆಗೆ ರಾಜಿ ಮಾಡಿಕೊಳ್ಳುತ್ತಾನೆ. ಈ ನಾಲ್ಕೂ ಪದಗಳಲ್ಲಿ ಕೂತಿರುವುದು ಅದೇ ದಾದ್. ಅರಬ್ಬಿಯಲ್ಲಿ ಇವು ಅರ್ದ್, ದಾಮಿನ್, ಹಾದಿರ್, ರಾದೀ. ಜಪ್ತಿ, ಜರೂರು, ಜಿದ್ದು, ಮರ್ಜಿ, ಫಜೀತಿ ಎಲ್ಲ ಅದೇ ಸಂತಾನ. ಜಿಲ್ಲೆಯೂ ಅಷ್ಟೆ, ಅರಬ್ಬಿಯ 'ದಿಲ' ಅಂದರೆ ಪಕ್ಕೆಲುಬು, ಪಕ್ಕ. ಭಾನುವಾರದ ರಜೆ ಕೂಡ ಅರಬ್ಬಿಯ ರಿದಾ, ಒಪ್ಪಿಗೆ ಎಂಬ ಅರ್ಥದ್ದು, ನಮ್ಮಲ್ಲಿಗೆ ರಜಾ ಆಗಿ ಬಂತು.

ಅಂದರೆ ಕನ್ನಡಕ್ಕೆ ಈ ಪದಗಳು ಅರೇಬಿಯಾದಿಂದ ನೇರ ಬಂದವಲ್ಲ. ಬೀದರು, ವಿಜಯಪುರ, ಶಿರಾ, ಶ್ರೀರಂಗಪಟ್ಟಣದ ದಫ್ತರಗಳಲ್ಲಿ ಫಾರಸಿ ಬರೆಯುತ್ತಿದ್ದವರ ಕೈಯಿಂದ, ಮರಾಠಿಯ ಮೂಲಕವೂ, ದಖನಿಯ ಮೂಲಕವೂ ಬಂದವು. ನಿಮ್ಮ ಪುಸ್ತಕದ ಜನ ಅದೇ ದಫ್ತರದವರು. ಆದ್ದರಿಂದ ಫಜ್ಲುಲ್ಲಾ. ಜಿಲ್ಲೆಯ ಜ ಯಾವುದೋ ಅದೇ ಜ.

ಜಯನಗರ ರಾಘು

ಮೇಷ್ಟ್ರೇ, ನಾನು ಹೇಳಿದ್ದೂ ಅದೇ ಅಲ್ವಾ, ಜ ಅಂತ.

ಫಾರಸಿ ಮೇಷ್ಟ್ರು, ಶಿವಾಜಿನಗರ

ಉತ್ತರ ಅದೇ, ದಾರಿ ಬೇರೆ. ನಿಮ್ಮ ದಾರಿಯಲ್ಲಿ ಹೋದರೆ ಗವಾನರು ಸಿಗುವುದಿಲ್ಲ.

ಉಪ್ಪಿನಂಗಡಿ ಹುಡುಗ, ಈಗ ಎಲೆಕ್ಟ್ರಾನಿಕ್ ಸಿಟಿ

ಒಂದು ಸಣ್ಣ ತಕರಾರು. "ಕನ್ನಡಕ್ಕೆ ಫಾರಸಿ ಮೂಲಕ ಬಂತು" ಎಂದು ಎಲ್ಲರ ಪರವಾಗಿ ಹೇಳಬೇಡಿ ಸರ್. ನಾವು ಬ್ಯಾರಿಗಳು. ನಮಗೆ ದೀನು ಬಂದದ್ದು ಸಮುದ್ರದ ದಾರಿಯಲ್ಲಿ, ನೇರ ಅರಬರಿಂದ. ಆ ತಿಂಗಳಿಗೆ ನಮ್ಮ ಅಜ್ಜಿ ರಂಜಾನ್ ಎಂದವರೇ ಅಲ್ಲ, ರಮದಾನ್ ಎಂದವರೂ ಅಲ್ಲ. ರಮಳಾನ್! ಮದ್ರಸದಲ್ಲಿ ಉಸ್ತಾದರು ಕಲಿಸಿದ್ದೂ ಹಾಗೇ. ಉಪವಾಸಕ್ಕೆ ನೋಂಬು, ನಮಾಜಿಗೆ ನಿಸ್ಕಾರ. ಬೆಂಗಳೂರಿಗೆ ಬಂದ ಹೊಸದರಲ್ಲಿ ಪಿಜಿಯಲ್ಲಿ ನಾನು ರಮಳಾನ್ ಎಂದರೆ ಕಲಬುರಗಿಯ ರೂಮ್‌ಮೇಟ್ ನಕ್ಕುಬಿಟ್ಟಿದ್ದ, ನನ್ನ ನಾಲಿಗೆ ತೊದಲುತ್ತದೆ ಅಂದುಕೊಂಡು. ಈಗ ಗಲ್ಫಿನಲ್ಲಿರುವ ನನ್ನ ಮಾಮ ರಮದಾನ್ ಎನ್ನುತ್ತಾನೆ. ನಮ್ಮ ಕಡೆಯ ಪತ್ರಿಕೆಗಳಲ್ಲಿ ಝ ಹಾಕಿ ರಂಝಾನ್ ಎಂದು ಬರುತ್ತದೆ. ಇದರಲ್ಲಿ ಕನ್ನಡ ಯಾವುದು?

ಜಯನಗರ ರಾಘು

ಳ ಎಲ್ಲಿಂದ ಬಂತು ಮಾರಾಯ್ರೇ? ಅದು ಮಲಯಾಳದ ಪ್ರಭಾವ, ತಪ್ಪು ಉಚ್ಚಾರ.

ಫಾರಸಿ ಮೇಷ್ಟ್ರು, ಶಿವಾಜಿನಗರ

ತಪ್ಪಲ್ಲ ರಾಘು. ಈ ಎಳೆಯಲ್ಲಿ ಇಲ್ಲಿಯವರೆಗೆ ಬಂದದ್ದರಲ್ಲಿ ಅತ್ಯಂತ ಬೆಲೆಯ ಮಾತು ಅದು.

ಅರಬ್ಬಿ ವ್ಯಾಕರಣ ಬರೆದ ಸೀಬವಯ್ಹಿ 8ನೇ ಶತಮಾನದವನು, ಅವನೇ ಇರಾನಿ ಮೂಲದವನು ಎನ್ನುವುದು ತಮಾಷೆ. ದಾದ್ ಅನ್ನು ನಾಲಿಗೆಯ ಅಂಚನ್ನು ದವಡೆ ಹಲ್ಲಿಗೆ ತಾಗಿಸಿ, ಗಾಳಿಯನ್ನು ಬದಿಯಿಂದ ಬಿಟ್ಟು ಹೇಳಬೇಕು ಎಂದು ಅವನು ವರ್ಣಿಸಿದ್ದಾನೆ. ಬದಿಯಿಂದ ಗಾಳಿ ಬಿಟ್ಟು ನೋಡಿ, ಲ ಅಥವಾ ಳ ಹತ್ತಿರದ ಸದ್ದೇ ಬರುವುದು. ಈಗ ಅರಬರು ಹೇಳುವ ಭಾರದ ದ ನಂತರದ ರೂಪ. ಹಳೆಯ ಸದ್ದಿನ ನೆರಳು ಎರಡು ತುದಿಯಲ್ಲಿ ಉಳಿದಿದೆ. ಸ್ಪೇನಿನಲ್ಲಿ ಊರ ಮುಖ್ಯಸ್ಥನನ್ನು ಅಲ್ಕಾಲ್ದೆ ಎನ್ನುತ್ತಾರೆ. ಅದು ಅರಬ್ಬಿಯ ಅಲ್ ಕಾದೀ, ನಮ್ಮ ಖಾಜಿ. ನಡುವೆ ನುಸುಳಿದ ಆ ಲ್ ದಾದ್‌ನ ಪಾಲು. ಈ ಕಡೆ ಮಲಬಾರು, ತುಳುನಾಡಿನಲ್ಲಿ ಳ. ಫಾರಸಿಯವರಿಗೆ ಆ ಸದ್ದು ಬಾಯಿಗೆ ಬರಲಿಲ್ಲ. ಅದರಲ್ಲಿದ್ದ ಸರಸರವನ್ನು ಮಾತ್ರ ಹಿಡಿದು ಜ ಮಾಡಿಕೊಂಡರು ಎಂದು ಭಾಷಾಶಾಸ್ತ್ರದವರ ವಿವರಣೆ.

ಹಾಗಾಗಿ ನಿಮ್ಮ ಅಜ್ಜಿಯ ರಮಳಾನ್ ಕೂಡ ಕನ್ನಡನಾಡಿನದೇ. ಕರಾವಳಿಯ ಬದುಕಿನ ಬಗ್ಗೆ ಬರೆಯುವವರು ಅದನ್ನು ತಿದ್ದಿದರೆ ಕೆಡಿಸಿದಂತೆ. ಆದರೆ ಕಲಬುರಗಿಯ ಸುಲ್ತಾನನ ಬಾಯಲ್ಲಿ ಅದನ್ನು ಹಾಕಲಾಗದು.

ಕರಡುಮನೆ, ಚಾಮರಾಜಪೇಟೆ

ಇದು ಗೊತ್ತೇ ಇರಲಿಲ್ಲ. ಸರಿ, ದ ಮತ್ತು ಜ ಬಗೆಹರಿಯಿತು ಎಂದಿಟ್ಟುಕೊಳ್ಳೋಣ. ಫಜ್ಲುಲ್ಲಾನೋ ಫಜ್ಲೊಲ್ಲಾನೋ? ಹಾಫಿಜನೋ ಹಾಫೆಜನೋ? ಅಡಿಟಿಪ್ಪಣಿಯ ಒ, ಎ ಎಲ್ಲಿಂದ ಬಂತು? ಫಾರಸಿ ಓದನ್ನು ಹಿಡಿಯುವುದಾದರೆ ಇರಾನಿನವರು ಹೇಳುವಂತೆಯೇ ಇಡಬೇಕಲ್ಲವೇ?

ಜಯನಗರ ರಾಘು

ಇದು ನನಗೆ ಗೊತ್ತು. ಇರಾನಿನಲ್ಲಿ ಇ ಎಲ್ಲ ಎ, ಉ ಎಲ್ಲ ಒ. ಕೊನೆಯಲ್ಲಿ ಆ ಬಂದರೆ ಅದೂ ಎ. ಫಾತಿಮಾ ಅಲ್ಲಿ ಫಾತೆಮೆ. ನಮ್ಮ ಕನ್ನಡದಲ್ಲಿ ಕಾಯಿದೆ, ಜಿಲ್ಲೆ, ಖಜಾನೆ, ಇರಾದೆ ಎಲ್ಲ ಎ ಯಿಂದ ಮುಗಿಯೋದು ಅದಕ್ಕೇ. ಆ ಎ ಇರಾನಿನ ಗುರುತು. ಹಾಗಾಗಿ ಹಾಫೆಜ್, ಫಜ್ಲೊಲ್ಲಾ ಸರಿ.

ಫಾರಸಿ ಮೇಷ್ಟ್ರು, ಶಿವಾಜಿನಗರ

ಅರ್ಧ ಸರಿ. ಇಂದಿನ ಟೆಹರಾನಿನ ವಿಷಯ ನೀವು ಹೇಳಿದಂತೆಯೇ ಇದೆ, ಹ್ರಸ್ವ ಸ್ವರಗಳ ಮಟ್ಟಿಗೆ. ದೀರ್ಘ ಈ, ಊ ಹಾಗೇ ಇವೆ. ಕನ್ನಡದ ಎ ವಿಷಯ ಮಾತ್ರ ಬೇರೆ. ಶಾಲಾ ಶಾಲೆಯಾಗುತ್ತದೆ, ಮಾಲಾ ಮಾಲೆಯಾಗುತ್ತದೆ, ಇದಕ್ಕೂ ಇರಾನ್ ಕಾರಣವೇ? ಆಕಾರದಿಂದ ಮುಗಿಯುವ ಹೊರಗಿನ ಪದ ಕನ್ನಡಕ್ಕೆ ಬಂದರೆ ಎಕಾರ ಹಚ್ಚುವುದು ನಮ್ಮದೇ ಅಭ್ಯಾಸ. ಅರಬ್ಬಿ ಕಾಇದಾ, ದಖನಿ ಖಾಯದಾ, ಮರಾಠಿ ಕಾಯದಾ, ಕನ್ನಡದಲ್ಲಿ ಕಾಯಿದೆ. ರಜಾ ಎನ್ನುವುದರಲ್ಲಿ ಇರಾನಿನವರಿಗೂ ಕೊನೆಗೆ ಎ ಇಲ್ಲ, ನಮ್ಮಲ್ಲಿ ಮಾತ್ರ ರಜೆ.

ಈಗ ಮುಖ್ಯ ಪ್ರಶ್ನೆ. ಫಾರಸಿ ಓದು ಎಂದರೆ ಒಂದೇ ಅಲ್ಲ. ಭಾರತಕ್ಕೆ ಬಂದ ಫಾರಸಿ ಹಳೆಯದು. ಇಲ್ಲಿ ಹ್ರಸ್ವ ಇ, ಉ ಹಾಗೇ ಉಳಿದವು. ಇರಾನಿನಲ್ಲಿ ಕಾಲಕ್ರಮೇಣ ಅವು ಜಾರಿ ಎ, ಒ ಆದವು. ಸಿಂಹಕ್ಕೆ ನಾವು ಶೇರ್ ಎನ್ನುತ್ತೇವೆ, ಟೆಹರಾನಿನವರು ಶೀರ್ ಎನ್ನುತ್ತಾರೆ. ಹಳೆಯದು ನಮ್ಮದೇ. ಹಾಫಿಜ್ 14ನೇ ಶತಮಾನದವನು, ತೀರಿಕೊಂಡದ್ದು 1390ರ ಆಸುಪಾಸು. ಅವನ ಹೆಸರನ್ನು ಇಂದಿನ ಟೆಹರಾನಿನ ರೇಡಿಯೋ ಹೇಳಿದಂತೆ ಹಾಫೆಜ್ ಎಂದರೆ ಅವನ ಕಾಲಕ್ಕೆ ಹೆಚ್ಚು ಹತ್ತಿರವಾದೆವು ಎಂದೇನೂ ಅಲ್ಲ. ಕಲಬುರಗಿಗೆ ಕರೆ ಬಂದು, ಹೊರಟು, ಹೊರ್ಮುಜಿನಲ್ಲಿ ಹಡಗು ಹತ್ತುವಾಗ ಬಿರುಗಾಳಿಗೆ ಹೆದರಿ ವಾಪಸಾದ ಎಂಬ ಕತೆಯನ್ನು ಬರೆದವನು ಫಿರಿಶ್ತಾ, ಅದೂ ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕೂತು. ಇರಾನಿನವರ ಬಾಯಲ್ಲಿ ಅವನು ಫೆರೆಶ್ತೆ. ಈ ಪುಸ್ತಕದಲ್ಲಿ ನೀವು ಫೆರೆಶ್ತೆ ಎಂದು ಬರೆಯುತ್ತೀರಾ?

ಟೆಹರಾನಿನ ಕಿವಿಯನ್ನು ನಂಬಿದರೆ ಇನ್ನೊಂದು ಪೇಚು ಇದೆ. ಅಲ್ಲಿ ಗಂಟಲಿನ ಕ ಮತ್ತು ಘ ಎರಡೂ ಸೇರಿ ಒಂದೇ ಸದ್ದಾಗಿಬಿಟ್ಟಿವೆ. ನ್ಯಾಯ ಹೇಳುವ ಕಾಜಿಯೂ ಯುದ್ಧಕ್ಕೆ ಹೋಗುವ ಘಾಜಿಯೂ ಕಿವಿಗೆ ಒಂದೇ. ಬಹಮನಿ ಪುಸ್ತಕದಲ್ಲಿ ಇಬ್ಬರೂ ಪುಟಪುಟಕ್ಕೂ ಬರುತ್ತಾರೆ. ನಮ್ಮ ದಖನಿಯಲ್ಲಿ ಆ ಕ ಬೇರೆ ದಿಕ್ಕಿಗೆ ಹೋಗಿ ಖ ಆಯಿತು: ಖಾಜಿ, ಖೈದಿ, ಖುರ್ಬಾನಿ. ಕನ್ನಡದ ಖ ಬಂದದ್ದು ಅಲ್ಲಿಂದ. ಅಚ್ಚಗನ್ನಡದವರು ಸಿಟ್ಟಾಗಬಾರದು, ಈ ಖ ಸಂಸ್ಕೃತದ್ದಲ್ಲ, ಬೀದರಿನದು.

ಅಚ್ಚಗನ್ನಡ

ಬೀದರಿನ ಹಳ್ಳಿಯವನೂ ಕೈದಿ ಎಂದೇ ಅನ್ನುವುದು.

ಡೆಸ್ಕ್ ಪಾಳಿ

ಬೇರೆಯದೇ ಲೋಕದಿಂದ ಒಂದು ಪ್ರಶ್ನೆ. ನಾನು ಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ವಿದೇಶ ಪುಟ ಮಾಡುತ್ತೇನೆ. ಏಜೆನ್ಸಿಯ ಇಂಗ್ಲಿಷ್ ಬರುತ್ತದೆ, ಹನ್ನೊಂದು ಗಂಟೆಗೆ ಪುಟ ಹೋಗಬೇಕು. ಮೇಷ್ಟ್ರ ಲೆಕ್ಕದಲ್ಲಿ ಎಲ್ಲವನ್ನೂ ದಖನಿ ಮಾಡಿದರೆ ಇರಾನಿನ ರೆಜಾ ನಮ್ಮಲ್ಲಿ ರಜಾ, ಹೊಸೇನ್ ಹುಸೇನ್, ಮೊಹ್ಸೆನ್ ಮುಹ್ಸಿನ್ ಆಗಬೇಕೆ? ಕಳೆದ ಚಿತ್ರೋತ್ಸವದ ಸಮಯದಲ್ಲಿ ಜಾಫರ್ ಪನಾಹಿ ಬಗ್ಗೆ ಬರೆದಾಗ ತೊಂದರೆ ಇರಲಿಲ್ಲ, ಅದೃಷ್ಟಕ್ಕೆ ಆ ಹೆಸರಿನಲ್ಲಿ ಜಾರುವ ಸ್ವರವೇ ಇಲ್ಲ.

ಫಾರಸಿ ಮೇಷ್ಟ್ರು, ಶಿವಾಜಿನಗರ

ನಿಮಗೆ ಬೇರೆ ನಿಯಮ. ಬದುಕಿರುವ ಮನುಷ್ಯನ ಹೆಸರು ಅವನ ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆ. ಇರಾನಿಯಾದರೆ ರೆಜಾ. ಇರಾಕಿಯಾದರೆ ಅದೇ ಹೆಸರು ರಿದಾ. ಮೈಸೂರು ಉದಯಗಿರಿಯವನಾದರೆ ರಜಾ. ಮೂವರಿಗೂ ಒಂದೇ ಕಾಗುಣಿತ ಹಾಕಿದರೆ ಇಬ್ಬರಿಗೆ ಅನ್ಯಾಯ.

ಸ್ವರವನ್ನು ಸಡಿಲ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನಿಮ್ಮ ಪುಟದಲ್ಲೇ ಉದಾಹರಣೆ ಇದೆ. 1979ರ ಕ್ರಾಂತಿಯ ನಾಯಕ ಖೊಮೇನಿ, ಖೊಮೇನ್ ಊರಿನವರು. ಅವರ ನಂತರ ಬಂದವರು ಖಮೇನಿ, ಖಮೇನೆ ಎಂಬ ಬೇರೆ ಊರಿನ ಹೆಸರು. ಇವು ಅರಬ್ಬಿ ಪದಗಳೇ ಅಲ್ಲ, ಆದರೂ ಹೇಳುತ್ತಿದ್ದೇನೆ, ಏಕೆಂದರೆ ಕನ್ನಡ ಪತ್ರಿಕೆಗಳಲ್ಲಿ ಇಬ್ಬರೂ ಖಮೇನಿ ಆಗಿ, ಒಬ್ಬರೇ ಮನುಷ್ಯ ನಾಲ್ಕು ದಶಕ ಆಳಿದಂತೆ ಕಾಣುವುದನ್ನು ನಾನೇ ಓದಿದ್ದೇನೆ. ಒಂದು ಒತ್ವದಿಂದ ಇದು ತಪ್ಪುತ್ತದೆ.

ಡೆಸ್ಕ್ ಪಾಳಿ

ಹಾಗಾದರೆ ಲೆಬನಾನಿನ ಆ ಸಂಘಟನೆ? ನಾವು ಹೆಜ್ಬೊಲ್ಲಾ ಎಂದು ಬರೆಯುತ್ತೇವೆ. ಲೆಬನಾನಿನವರು ಅರಬರು. ಮೇಷ್ಟ್ರ ನಿಯಮದಲ್ಲಿ ಅದು ಹಿಜ್ಬುಲ್ಲಾ ಆಗಬೇಕು. ಕಾಶ್ಮೀರದ್ದನ್ನು ಹಿಜ್ಬುಲ್ ಮುಜಾಹಿದೀನ್ ಎಂದೇ ಬರೆಯುತ್ತೇವೆ. ಎರಡರಲ್ಲೂ ಹಿಜ್ಬ್ ಒಂದೇ ಪದ, ಪಕ್ಷ ಅಂತ. ಒಂದೇ ದಿನದ ಪತ್ರಿಕೆಯಲ್ಲಿ 5ನೇ ಪುಟದಲ್ಲಿ ಹಿಜ್ಬ್, 11ನೇ ಪುಟದಲ್ಲಿ ಹೆಜ್ಬ್.

ಜಯನಗರ ರಾಘು

ಅದನ್ನು ಇರಾನ್ ಸಾಕಿದ್ದು, ಹಾಗಾಗಿ ಇರಾನಿ ಉಚ್ಚಾರ. ಹೆಜ್ಬೊಲ್ಲಾ ಸರಿ.

ಉಪ್ಪಿನಂಗಡಿ ಹುಡುಗ, ಈಗ ಎಲೆಕ್ಟ್ರಾನಿಕ್ ಸಿಟಿ

ಸಾಕಿದವರ ಉಚ್ಚಾರ ಹಾಕುವುದಾದರೆ ಬಹಳ ಸಂಘಟನೆಗಳ ಹೆಸರು ಬದಲಾಯಿಸಬೇಕಾಗುತ್ತದೆ ಬ್ರದರ್.

ಫಾರಸಿ ಮೇಷ್ಟ್ರು, ಶಿವಾಜಿನಗರ

ಇದರಲ್ಲಿ ನನ್ನ ಒಲವು ಹಿಜ್ಬುಲ್ಲಾ ಕಡೆಗೆ. ಆದರೆ ಲೆಬನಾನಿನ ಆಡುಮಾತಿನಲ್ಲೂ ಆ ಮೊದಲ ಇ ಸಡಿಲವಾಗಿ ಎ ಕಡೆಗೆ ವಾಲುತ್ತದೆ, ಹಾಗಾಗಿ ಹೆ ಎಂದವರನ್ನು ಪೂರ್ತಿ ತಪ್ಪು ಎನ್ನಲಾರೆ. ಬೊಲ್ಲಾದ ಒ ಮಾತ್ರ ಇರಾನಿನದು. ಜನರಿಗೆ ರೂಢಿಯಾದದ್ದನ್ನು ಒಂದೇ ರಾತ್ರಿಯಲ್ಲಿ ಬದಲಿಸುವುದು ಪತ್ರಿಕೆಯವರಿಗೆ ಬಿಟ್ಟದ್ದು.

ಅಲ್ ಖೈದಾವನ್ನೂ ನೋಡಿ. ಅದೂ ನಮ್ಮ ಕಾಯಿದೆಯೂ ಒಂದೇ ಪದ, ಬುನಾದಿ ಎಂಬ ಅರ್ಥದ ಕಾಇದಾ. ಒಂದು ದಫ್ತರದ ಬಾಗಿಲಿನಿಂದ ಬಂತು, ಇನ್ನೊಂದು ಟೆಲಿಪ್ರಿಂಟರಿನಿಂದ. ಸುದ್ದಿಯವರು ಇಂಗ್ಲಿಷ್ ಕಾಗುಣಿತ ನೋಡಿ ಕಾಯಿ ಇದ್ದದ್ದನ್ನು ಖೈ ಮಾಡಿಕೊಂಡರು. ಈಗ ಅದನ್ನು ಅಲ್ ಕಾಯಿದೆ ಎಂದು ತಿದ್ದಿದರೆ ಓದುಗರು ವಕೀಲರ ಸಂಘ ಅಂದುಕೊಂಡಾರು.

ರಿದಾಳ ಅಮ್ಮ, ಫ್ರೇಜರ್ ಟೌನ್

ನಮ್ಮ ಮನೆಯ ಕತೆ ಕೇಳಿ. ಮಾವನವರ ಹೆಸರು ರಜಾ. ಮಗಳ ಹೆಸರು ರಿದಾ. ಹೆಸರಿಡುವಾಗ ನನಗೆ ಗೊತ್ತೇ ಇರಲಿಲ್ಲ, ಇಲ್ಲಿ ಓದಿದ ಮೇಲೆ ಅನ್ನಿಸುತ್ತಿದೆ, ಎರಡೂ ಒಂದೇ ಹೆಸರೇ! ಶಾಲೆಯಲ್ಲಿ ಕನ್ನಡದಲ್ಲಿ ಬರೆಯುವಾಗ ರಿಧಾ ಮಾಡಿದ್ದಾರೆ, ರಾಧಾ ಇದ್ದ ಹಾಗೆ ಅಂತೆ. ಜನನ ಪ್ರಮಾಣಪತ್ರದಲ್ಲಿ ರಿದಾ. ಮೇಷ್ಟ್ರೇ, ಕನ್ನಡದಲ್ಲಿ ಸರಿಯಾದದ್ದು ಯಾವುದು? ತಿದ್ದಿಸುವುದಾದರೆ ರಿಜಾ ಎಂದು ತಿದ್ದಿಸಬೇಕಾ?

ಫಾರಸಿ ಮೇಷ್ಟ್ರು, ಶಿವಾಜಿನಗರ

ಬೇಡಮ್ಮ, ಅವಸರ ಮಾಡಬೇಡಿ. ಮೊದಲು ಒಂದು ನೋಡಿ: ಉರ್ದುವಿನಲ್ಲಿ ಅವಳ ಹೆಸರನ್ನು ಜ್ವಾದ್ ಹಾಕಿ ಬರೆದಿದ್ದೀರೋ ದಾಲ್ ಹಾಕಿಯೋ? ಜ್ವಾದ್ ಆದರೆ ಮಾವನವರ ಹೆಸರೇ, ಒಪ್ಪಿಗೆ, ಸಂತೃಪ್ತಿ ಎಂಬ ಅರ್ಥ. ದಾಲ್ ಆದರೆ ಪೂರ್ತಿ ಬೇರೆ ಪದ, ಹೊದೆಯುವ ಚಾದರ. ಅದಕ್ಕೆ ಅರಬ್ಬಿ, ಫಾರಸಿ, ಉರ್ದು ಮೂರರಲ್ಲೂ ದ ಒಂದೇ ಸದ್ದು. ಹೇಗಿದ್ದರೂ ನೀವು ಮಗಳನ್ನು ರಿದಾ ಎಂದು ಕರೆಯುತ್ತೀರಿ, ಆದ್ದರಿಂದ ಕನ್ನಡದಲ್ಲಿ ರಿದಾ. ಧಾ ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ, ಅದನ್ನು ತಿದ್ದಿಸಿಬಿಡಿ.

ಕರಡುಮನೆ, ಚಾಮರಾಜಪೇಟೆ

ಎರಡು ದಿನ ಈ ಕಡೆ ಬರಲಾಗಲಿಲ್ಲ. ಅಷ್ಟರಲ್ಲಿ ಕರಡಿನಲ್ಲಿ ಹೊಸ ಅನಾಹುತ. 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ, ಪಠ್ಯಪುಸ್ತಕದ ಅಬ್ದುಲ್ ರಜಾಕ್ ಇದ್ದಾನಲ್ಲ, ಅವನನ್ನು ಯಾರೋ 'ಅಬ್ದುಲ್ ರದ್ದಾಕ್' ಎಂದು ತಿದ್ದಿದ್ದಾರೆ. ನಿಜಾಮ ಒಂದು ಕಡೆ ನಿದಾಮ. ಲೇಖಕರ ಶಿಷ್ಯರೊಬ್ಬರು "ಅರಬ್ಬಿಯಂತೆ ಇಡಿ" ಎಂಬ ಮಾತನ್ನು ಹಿಡಿದುಕೊಂಡು, ಕಂಡ ಕಂಡ ಜ ಗಳನ್ನೆಲ್ಲ ದ ಮಾಡಿದ್ದಾರೆ. ರಾಘು ಅವರ ಬಟನ್ನನ್ನೇ ಹಿಂದುಮುಂದಾಗಿ ಒತ್ತಿದ್ದು. ಅರಬ್ಬಿ ಲಿಪಿ ಬಾರದ ನನ್ನಂಥವನು ಯಾವ ಜ ಯಾವುದು ಎಂದು ಹೇಗೆ ಪತ್ತೆ ಮಾಡಲಿ?

ಫಾರಸಿ ಮೇಷ್ಟ್ರು, ಶಿವಾಜಿನಗರ

ರದ್ದಾಕ್! ಕಸದ ಬುಟ್ಟಿಗೆ ಹಾಕಿದ ಹಾಗಿದೆ.

ಅರಬ್ಬಿಯ ನಾಲ್ಕು ಬೇರೆ ಬೇರೆ ಅಕ್ಷರಗಳು ಫಾರಸಿ ಬಾಯಲ್ಲಿ ಒಂದೇ ಜ ಆಗುತ್ತವೆ. ಅದರಲ್ಲಿ ದಾದ್ ಒಂದು ಮಾತ್ರ. ರಜಾಕಿನ ಜ ಅರಬ್ಬಿಯಲ್ಲೂ ಅದೇ ಸದ್ದು, ಅಜೀಜ್, ಜಕಾತಿನ ಹಾಗೆ. ನಿಜಾಮ, ಹಾಫಿಜ್, ಮುಲಾಹಜಾ, ನಮ್ಮ ಕನ್ನಡದ ಮುಲಾಜು, ಇವು ಇನ್ನೊಂದು ಅಕ್ಷರ. ಆಜಾನಿನದು ಮತ್ತೊಂದು. ಇವಿಷ್ಟೂ ಸಾಲದೆಂಬಂತೆ ಹಜ್, ಮಸ್ಜಿದ್ ಪದಗಳಲ್ಲಿರುವುದು ಜನದ ಜ, ಅದಕ್ಕೂ ಇವಕ್ಕೂ ಸಂಬಂಧವೇ ಇಲ್ಲ. ಕನ್ನಡದಲ್ಲಿ ಖಾಜಿ, ಹಾಜಿ ಒಂದೇ ಥರ ಕಾಣುತ್ತವೆ, ಮೂಲದಲ್ಲಿ ಎರಡು ದಿಕ್ಕು.

ಪತ್ತೆ ಮಾಡಲು ಲಿಪಿ ಬೇಕಿಲ್ಲ, ಲೇಖಕರು ನೋಡಿದ ಇಂಗ್ಲಿಷ್ ಪುಸ್ತಕ ತೆರೆಯಿರಿ. ವಿದ್ವಾಂಸರು ಚುಕ್ಕೆ ಹಾಕಿ ಬರೆಯುತ್ತಾರೆ. ಡಿ ಅಕ್ಷರದ ಕೆಳಗೆ ಚುಕ್ಕೆ ಇದ್ದರೆ ಅದು ದಾದ್, ಬರೆದವರು ಅರಬ್ಬಿ ಪದ್ಧತಿಯವರು. ಅದೇ ಹೆಸರು ಇನ್ನೊಂದು ಪುಸ್ತಕದಲ್ಲಿ ಝಡ್ ಮೇಲೆ ಚುಕ್ಕೆ ಹೊತ್ತು ಬಂದರೆ ಅದೂ ದಾದೇ, ಬರೆದವರು ಫಾರಸಿ ಪದ್ಧತಿಯವರು. ನಿಮ್ಮ ಲೇಖಕರ ಫದ್ಲುಲ್ಲಾ ಮೊದಲನೆಯ ಥರದ ಪುಸ್ತಕದಿಂದ ಬಂದಿರಬೇಕು, ಅಡಿಟಿಪ್ಪಣಿಯ ಫಜ್ಲೊಲ್ಲಾ ಇರಾನಿನಲ್ಲಿ ಅಚ್ಚಾದದ್ದರಿಂದ. ಚುಕ್ಕೆ ಇಲ್ಲದ ಸಾದಾ ಪುಸ್ತಕವಾದರೆ ಹೆಸರಿಗೆ ದ ಇರುವ ಜೋಡಿ ಎಲ್ಲಾದರೂ ಇದೆಯೇ ಹುಡುಕಿ. ರಮದಾನ್, ರಿದಾ, ಫದ್ಲ್, ಕಾದೀ ಇವೆ. ರದ್ದಾಕ್ ಜಗತ್ತಿನಲ್ಲಿ ಎಲ್ಲೂ ಇಲ್ಲ, ನಿಮ್ಮ ಕರಡಿನಲ್ಲಿ ಬಿಟ್ಟು.

ಡೆಸ್ಕ್ ಪಾಳಿ

ಜ ಕೆಳಗೆ ಚುಕ್ಕೆ ಇಟ್ಟು ಜ಼ ಎಂದು ಬರೆದರೆ ಈ ಖಾಜಿ-ಹಾಜಿ ಗೊಂದಲವಾದರೂ ತಪ್ಪುವುದಿಲ್ಲವೇ?

ಕರಡುಮನೆ, ಚಾಮರಾಜಪೇಟೆ

ಅದನ್ನು ಒಂದು ಅಧ್ಯಾಯದಲ್ಲಿ ಮಾಡಿ ನೋಡಿದೆ. ಅಚ್ಚಿನಲ್ಲಿ ಚೆಂದ ಕಾಣುತ್ತದೆ. ಆದರೆ ಕಂಪ್ಯೂಟರಿಗೆ ಅದು ಜ ಜೊತೆ ಇನ್ನೊಂದು ಚಿಹ್ನೆ. ಚುಕ್ಕೆ ಇಲ್ಲದೆ 'ರಜಾಕ್' ಎಂದು ಹುಡುಕಿದರೆ 'ರಜ಼ಾಕ್' ಸಿಗುವುದಿಲ್ಲ, ಪದಸೂಚಿಯಲ್ಲಿ ಮತ್ತೆ ಎರಡು ನಮೂದು. ಲೇಖಕರು ಹತ್ತು ಕಡೆ ಚುಕ್ಕೆ ಇಟ್ಟು ಇಪ್ಪತ್ತು ಕಡೆ ಮರೆಯುತ್ತಾರೆ. ಕರಾವಳಿಯವರ ಝ ಒಂದು ಉಪಾಯ, ಹುಡುಕಾಟಕ್ಕೂ ತೊಂದರೆಯಿಲ್ಲ. ಆದರೆ ಇಡೀ ಪುಸ್ತಕದಲ್ಲಿ ಜಿಲ್ಲೆ, ಹಾಜರು ಎಂದಿರುವಾಗ ಹೆಸರಿಗೆ ಮಾತ್ರ ಝ ಹಾಕಿದರೆ ಕಣ್ಣಿಗೆ ಚುಚ್ಚುತ್ತದೆ. ಬರೀ ಜ ಇಡುತ್ತೇನೆ.

ಉಪ್ಪಿನಂಗಡಿ ಹುಡುಗ, ಈಗ ಎಲೆಕ್ಟ್ರಾನಿಕ್ ಸಿಟಿ

ಝ ನಮಗೆ ಚುಚ್ಚುವುದಿಲ್ಲ. ಅಭ್ಯಾಸದ ಮಾತು.

ಜಯನಗರ ರಾಘು

ಬೆಂಗಳೂರಿನದ್ದೇ ಒಂದು ಕೇಳ್ತೀನಿ. ಕನ್ನಿಂಗ್‌ಹ್ಯಾಂ ರಸ್ತೆ ಹತ್ತಿರದ ಅಲಿ ಅಸ್ಕರ್ ರಸ್ತೆ. ಆತ ಶಿರಾಜಿನಿಂದ ಬಂದ ಕುದುರೆ ವ್ಯಾಪಾರಿ, ಇರಾನಿ. ಅಂದ್ರೆ ಬೋರ್ಡಿನಲ್ಲಿ ಅಲಿ ಅಸ್ಗರ್ ಅಂತ ಇರಬೇಕು, ಕ ತಪ್ಪು. ಅವರ ಮೊಮ್ಮಗ ದಿವಾನ್ ಮಿರ್ಜಾ ಇಸ್ಮಾಯಿಲ್, ಅವರು ಎಸ್ಮಾಯಿಲ್ ಆಗಬೇಕಿತ್ತು.

ಫಾರಸಿ ಮೇಷ್ಟ್ರು, ಶಿವಾಜಿನಗರ

ಅಸ್ಕರ್ ಅಂದರೆ ಸೈನ್ಯ, ಅಸ್ಗರ್ ಅಂದರೆ ಕಿರಿಯ. ಎರಡು ಬೇರೆ ಪದ, ಎರಡೂ ಅರಬ್ಬಿಯವೇ. ಬೋರ್ಡು ಸರಿಯಾಗಿದೆ, ಬಿಟ್ಟುಬಿಡಿ. ಜಾನ್ಸನ್ ಮಾರ್ಕೆಟ್ ಬಳಿಯ ಮಸೀದಿಯ ಹೆಸರೂ ಮಸ್ಜಿದ್-ಎ-ಅಸ್ಕರಿ.

ಇಸ್ಮಾಯಿಲ್ ವಿಷಯ: ಹುಟ್ಟಿದ್ದು ಬೆಂಗಳೂರಿನಲ್ಲಿ, 1926ರಿಂದ 1941ರವರೆಗೆ ಮೈಸೂರಿನ ದಿವಾನಗಿರಿ, ಸಹಿ ಮಾಡಿದ್ದು ಇಸ್ಮಾಯಿಲ್ ಎಂದು. ತಾತನ ಊರು ನೋಡಿ ಮೊಮ್ಮಗನ ಹೆಸರು ತಿದ್ದುವ ಹಕ್ಕು ನಮಗಿಲ್ಲ.

ಕರಡುಮನೆ, ಚಾಮರಾಜಪೇಟೆ

ಲೇಖಕರಿಗೆ ಇವತ್ತು ಬರೆದು ಕಳಿಸಿದೆ. ದಖ್ಖನ್ನಿನ ಜನರಿಗೆಲ್ಲ ದಖ್ಖನ್ನಿನ ಓದು: ಫಜ್ಲುಲ್ಲಾ, ಹಾಫಿಜ್, ಫಿರಿಶ್ತಾ, ಖಾಜಿ. ಪಠ್ಯಪುಸ್ತಕದಲ್ಲಿ ಬೇರೂರಿದ ಅಬ್ದುಲ್ ರಜಾಕ್ ಇದ್ದ ಹಾಗೆ. ಇಂದಿನ ಇರಾನಿ ವಿದ್ವಾಂಸರನ್ನು ಹೆಸರಿಸುವ ಕಡೆ ಮಾತ್ರ ರೆಜಾ, ಹೊಸೇನ್. ಪದಸೂಚಿಯಲ್ಲಿ 'ಫದ್ಲುಲ್ಲಾ, ನೋಡಿ: ಫಜ್ಲುಲ್ಲಾ' ಎಂದು ಒಂದು ಸಾಲು, ಇಂಗ್ಲಿಷ್ ಪುಸ್ತಕ ಓದಿ ಬಂದವರಿಗೆ. ಅವರ ಉತ್ತರ ಆಗಲೇ ಬಂತು: "ಫಜ್ಲುಲ್ಲಾ ಒಪ್ಪಿದೆ, ಆದರೆ ಕುರ್‌ಆನ್ ಅನ್ನು ಖುರಾನ್ ಮಾಡಲು ಬಿಡುವುದಿಲ್ಲ."

ಫಾರಸಿ ಮೇಷ್ಟ್ರು, ಶಿವಾಜಿನಗರ

ಅಲ್ಲಿ ಅವರು ಹೇಳಿದ್ದೇ ಸರಿ. ಗ್ರಂಥ ಅರಬ್ಬಿಯದು, ಓದುವುದೂ ಅರಬ್ಬಿಯಲ್ಲಿ. ಇಲ್ಲಿ ಫಾರಸಿಗೆ ಕೆಲಸವಿಲ್ಲ.

ಡೆಸ್ಕ್ ಪಾಳಿ

ನಮ್ಮಲ್ಲಿ ಸಂಪಾದಕೀಯ ಪುಟದವರು ಕುರ್‌ಆನ್, ವರದಿಗಾರರು ಕುರಾನ್, ಜಾಹೀರಾತು ವಿಭಾಗದವರು ಖುರಾನ್. ಹೆಜ್ಬೊಲ್ಲಾ ಬದಲಿಸೋಣವೇ ಎಂದು ಮುಖ್ಯಸ್ಥರನ್ನು ಕೇಳಿದೆ. ಹನ್ನೊಂದು ಗಂಟೆಗೆ ಹತ್ತು ನಿಮಿಷ ಇತ್ತು, "ಪುಟ ಕಳಿಸು" ಅಂದರು.

ರಿದಾಳ ಅಮ್ಮ, ಫ್ರೇಜರ್ ಟೌನ್

ಮೇಷ್ಟ್ರೇ, ಹುಡುಕಿದೆ. ನಾಮಕರಣದ ಕಾರ್ಡಿನಲ್ಲಿ ಇಂಗ್ಲಿಷ್ ಮಾತ್ರ ಇದೆ, ಉರ್ದುವಿನಲ್ಲಿ ಬರೆಸಿಯೇ ಇಲ್ಲ. ಯಜಮಾನರನ್ನು ಕೇಳಿದರೆ ಚಾದರ ಅನ್ನುತ್ತಾರೆ. ಅತ್ತೆ ಒಪ್ಪುತ್ತಿಲ್ಲ, ಅದು ಮಾವನವರ ಹೆಸರೇ ಅಂತ ಹಟ ಹಿಡಿದಿದ್ದಾರೆ. ಶಾಲೆಗೆ ಸೋಮವಾರ ಹೋಗುತ್ತೇನೆ, ಧಾ ತೆಗೆಸಲು.